ಪೇಜಿನಲ್ಲಿ ನನ್ನ ಮಾತು

ನಮ್ಮ ಸೀರೆ ಅಂಗಡಿಯ ಫೇಸ್‌ಬುಕ್ ಪೇಜನ್ನು ನೋಡಿಕೊಳ್ಳುವವಳು ನನ್ನ ಹೆಂಡತಿ. ಮೊಳಕಾಲ್ಮುರಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ, ಹಿಂದಿನ ಉದ್ದನೆಯ ಕೋಣೆಯಲ್ಲಿ ಮಗ್ಗ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಮಗ್ಗದ ಗುಣಿಗೆ ಕಾಲಿಳಿಸಿದವನು ನಾನು. ಸೀರೆ ನನ್ನದು. ಸೀರೆಯ ಬಗ್ಗೆ ಜಗತ್ತಿಗೆ ಉತ್ತರ ಹೇಳುವವಳು ಅವಳು. ಬಿ.ಜಿ. ಕೆರೆಯಿಂದ ಬಂದವಳು, ಪಿಯುಸಿ ಓದಿದ್ದಾಳೆ.

ಅವಳು ಏನೇ ಬರೆದರೂ ಅದು ಅಂಗಡಿಯ ಹೆಸರಲ್ಲೇ ಕಾಣುತ್ತದೆ. ಹಾಗಾಗಿ ಓದಿದವರೆಲ್ಲ ಅದು ನನ್ನ ಮಾತು ಎಂದುಕೊಳ್ಳುತ್ತಾರೆ. ಎದುರು ಸಿಕ್ಕವರು, ನೀವು ಎಷ್ಟು ಸಮಾಧಾನದಿಂದ ಬರೀತೀರಣ್ಣ ಅಂದಾಗ ನಾನು ಸುಮ್ಮನೆ ತಲೆಯಾಡಿಸುತ್ತಿದ್ದೆ. ಬೇರೆಯವರ ಅಂಗಿ ಹಾಕಿಕೊಂಡು ಹೊಗಳಿಸಿಕೊಂಡ ಹಾಗೆ ಮೈಯೆಲ್ಲ ಚುಚ್ಚುತ್ತಿತ್ತು. ನನ್ನ ನೇಯ್ಗೆಯನ್ನು ಹೊಗಳುವವರು ಇದ್ದರು, ಇಲ್ಲವೆಂದಲ್ಲ. ಆದರೆ ಅವಳ ಎರಡು ಸಾಲಿಗೆ ಬರುವಷ್ಟು ಹೃದಯದ ಗುರುತು ನನ್ನ ಸೆರಗಿಗೆ ಬರುತ್ತಿರಲಿಲ್ಲ.

ಪೇಜಿನ ನಿಯಮಗಳನ್ನು ಮಾಡಿದವಳೂ ಅವಳೇ. ಮೊದಮೊದಲು ಬೆಲೆ ಕೇಳಿ ಬೈಯುವವರು, ಜಾತಿ ಎತ್ತುವವರು, ಒಬ್ಬರ ಕಾಮೆಂಟಿನ ಕೆಳಗೆ ಇನ್ನೊಬ್ಬರು ಜಗಳ ತೆಗೆಯುವವರು ಜಾಸ್ತಿಯಾದಾಗ ಒಂದು ಪೋಸ್ಟ್ ಬರೆದು, ಬಂದವರಿಗೆಲ್ಲ ಮೊದಲು ಅದೇ ಕಾಣಲೆಂದು ಪೇಜಿನ ತಲೆಯ ಮೇಲೆ ಪಿನ್ ಮಾಡಿದಳು. ದೂರು ಹೇಳಿದರೆ ಅಳಿಸುವುದಿಲ್ಲ. ವಾದಕ್ಕೆ ಎಲ್ಲರೆದುರು ಒಂದೇ ಸಲ ಉತ್ತರ, ಆಮೇಲೆ ಇನ್‌ಬಾಕ್ಸ್‌ನಲ್ಲಿ ಮಾತು. ಬೈಗುಳವಿರುವ ಕಾಮೆಂಟ್ ಯಾರದೇ ಆಗಲಿ, ಮರೆಯಾಗುತ್ತದೆ. ಮತ್ತೆ ಬೈದರೆ ಅಳಿಸಿ ಬ್ಲಾಕ್. ಹಾಕುವ ಮುಂಚೆ ನನಗೆ ಓದಿ ಹೇಳಿದ್ದಳು, ನಾನೂ ಹೂಂ ಅಂದಿದ್ದೆ.

ಸೆಟ್ಟಿಂಗಿನಲ್ಲಿ ಕೆಟ್ಟ ಪದಗಳನ್ನು ಮೊದಲೇ ತುಂಬಿಟ್ಟರೆ, ಅವು ಇರುವ ಕಾಮೆಂಟನ್ನು ಪೇಜೇ ಮರೆ ಮಾಡುತ್ತದಂತೆ. ಕನ್ನಡದವು ಅವಳಿಗೆ ಅಷ್ಟಿಷ್ಟು ಗೊತ್ತಿದ್ದವು. ತೆಲುಗಿನವನ್ನು ನನ್ನ ಹತ್ತಿರ ಕೇಳಿದಳು. ಗಡಿ ಆಚೆಯ ನೇಕಾರರ ಜೊತೆ ಬೆಳೆದವನು ನಾನು, ಒಂದೊಂದಾಗಿ ಹೇಳಿದೆ. ಅವಳು ಮುಖ ಕಿವುಚಿಕೊಂಡು ಟೈಪ್ ಮಾಡಿದಳು. ಕೊನೆಗೆ, 'ಇಷ್ಟೊಂದು ಪಾಠ ಶಾಲೇಲಿ ಕಲ್ತಿದ್ರೆ ಮೇಷ್ಟ್ರು ಬಿಡ್ತಿರಲಿಲ್ಲ ನಿಮ್ಮನ್ನ' ಅಂದಳು. ಪೇಜಿನ ಕೆಲಸದಲ್ಲಿ ನನ್ನ ಕೈ ಬಿದ್ದದ್ದು ಅಷ್ಟೇ.

ಆಷಾಢ ಕಳೆದು ಮದುವೆ ಗಿರಾಕಿಗಳು ಶುರುವಾಗುವ ಹೊತ್ತಿಗೆ ನಾನು ಮಗ್ಗದಿಂದ ಒಂದು ಸೀರೆ ಇಳಿಸಿದೆ. ಹಸಿರು ಮೈ, ಅರಿಶಿನದ ಅಂಚು. ಮೈಗೊಂದು ಲಾಳಿ, ಎರಡು ಅಂಚಿಗೆ ಎರಡು ಲಾಳಿ ಓಡಿಸಿ, ಎಳೆಗೆ ಎಳೆ ಕೊಂಡಿ ಹಾಕುತ್ತ ನೇಯ್ದದ್ದು. ಫೋಟೋ ಹಾಕಿದ ಮೇಲೆ ಯಾರೋ ಒಬ್ಬ ಬರೆದ: ಇದು ಪವರ್‌ಲೂಮ್ ಮಾಲು, ಕೈಮಗ್ಗ ಅಂತ ಹೇಳಿ ಮೋಸ ಮಾಡ್ತಾರೆ.

ಅಳಿಸು ಅಂದೆ. ಅವಳು ಆಗಲ್ಲ ಅಂದಳು. ಅದು ದೂರು, ಬೈಗುಳ ಅಲ್ಲ, ಅಳಿಸಿದರೆ ನಿಜ ಅಂದುಕೊಳ್ಳುತ್ತಾರೆ ಅನ್ನುವುದು ಅವಳ ವಾದ. ನಿಮ್ಮ ಅನುಮಾನ ತಪ್ಪಲ್ಲ, ಮನೆಗೆ ಬಂದರೆ ಮಗ್ಗ ತೋರಿಸುತ್ತೇವೆ, ಬರಲಾಗದಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ, ನೇಯುವ ವಿಡಿಯೋ ಕಳಿಸುತ್ತೇವೆ ಎಂದು ಬರೆದಳು. ನೋಡನೋಡುತ್ತಿದ್ದಂತೆ ಅದಕ್ಕೆ ಹೃದಯಗಳು ಬಿದ್ದವು. ನನ್ನ ಕೈಯನ್ನು ಅವಮಾನ ಮಾಡಿದ್ದಾನೆ, ಅವಳಿಗೆ ಹೊಗಳಿಕೆ ಬರುತ್ತಿದೆ.

ಮಗ್ಗದ ಕೋಣೆಗೆ ಹೋಗಿ ನನ್ನ ಸ್ವಂತ ಫೋನಿನಲ್ಲಿ, ನನ್ನ ಸ್ವಂತ ಹೆಸರಲ್ಲಿ ಆ ಮನುಷ್ಯನಿಗೆ ಉತ್ತರ ಬರೆದೆ. ಸೀರೆ ಮಗುಚಿ ಅಂಚು ಕೂಡುವ ಜಾಗ ನೋಡು, ಕೊಂಡಿ ಕಾಣುತ್ತೆ, ಅದು ನನ್ನ ಬೆರಳಿನ ಕೆಲಸ ಎಂದು ಶುರು ಮಾಡಿ, ಮುಗಿಸುವಾಗ ತೆಲುಗಿನಲ್ಲಿ ಒಂದು ಮಾತು ಸೇರಿಸಿದೆ. ನನ್ನ ಓಣಿಯ ಗೆಳೆಯರು ಲೈಕ್ ಒತ್ತಿದರು. 'ಸರಿಯಾಗಿ ಕೊಟ್ಟೆ ಬಿಡಲೇ' ಎಂದು ಒಬ್ಬ ಫೋನೇ ಮಾಡಿದ. ಆ ಮನುಷ್ಯ ತಿರುಗಿ ಮಾತಾಡಲಿಲ್ಲ. ಬಾಯಿ ಮುಚ್ಚಿಸಿದೆ ಎಂದು ಆ ವಾರವೆಲ್ಲ ಎದೆಯುಬ್ಬಿಸಿ ಓಡಾಡಿದೆ. ಹೆಂಡತಿ ಏನೂ ಹೇಳದಿದ್ದದ್ದನ್ನೂ ಅವಳ ಸೋಲು ಅಂತಲೇ ಲೆಕ್ಕ ಹಾಕಿದೆ.

ಆಮೇಲೆ ಚಳ್ಳಕೆರೆಗೆ ಸೀರೆ ಕೊಡಲು ಹೋದೆ. ಅಲ್ಲಿ ನಮ್ಮ ಮಾಲು ಇಟ್ಟುಕೊಳ್ಳುವ ಬಟ್ಟೆ ಅಂಗಡಿಯ ಹಿರಿಯರಿದ್ದಾರೆ, ಮನೆಯಲ್ಲಿ ಉರ್ದು ಮಾತು. ಚಹಾ ತರಿಸಿ, ಪೇಜಿನ ಸುದ್ದಿ ತೆಗೆದರು.

'ಆ ಪವರ್‌ಲೂಮ್ ಅಂದೋನಿಗೆ ಏನ್ ತಮೀಜಿನಿಂದ ಜವಾಬ್ ಕೊಟ್ರಿ ಭಾಯ್. ನಾನಾಗಿದ್ರೆ ಬೈದುಬಿಡ್ತಿದ್ದೆ.'

'ಅದು ಮೊದಲನೇದು. ಎರಡನೇದು ನೋಡಲಿಲ್ವಾ?'

'ಎರಡನೇದು ಎಲ್ಲೈತೆ?'

ಅವರ ಫೋನ್ ತೆಗೆದುಕೊಂಡು ಮೇಲೆ ಕೆಳಗೆ ಎಳೆದೆ. ಆ ಮನುಷ್ಯನ ಮಾತಿತ್ತು, ಹೆಂಡತಿಯ ಉತ್ತರವಿತ್ತು. ನನ್ನದಿರಲಿಲ್ಲ. ನನ್ನ ಫೋನಿನಲ್ಲಿ ನೋಡಿದರೆ ಲೈಕುಗಳ ಸಮೇತ ಇತ್ತು. ಚಹಾ ಅರ್ಧಕ್ಕೆ ಬಿಟ್ಟು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ, ಅಂಗಡಿಯ ಬಾಯಿ ಅವಳದಾಗಿದ್ದು ಸಾಲದೇ ಈಗ ನನ್ನ ಬಾಯಿಯನ್ನೂ ಹೊಲಿದಿದ್ದಾಳೆ.

ಮನೆಗೆ ಬಂದವನೇ ಕೇಳಿದೆ, 'ನನ್ನ ಮಾತು ಮುಚ್ಚಿಟ್ಟವಳು ನೀನೇ ತಾನೆ?'

'ನಾನಲ್ಲ ರೀ. ನಿಮ್ಮ ಪದ.' ಫೋನ್ ನನ್ನ ಮುಂದೆ ಹಿಡಿದಳು. ನಾನು ಬರೆದ ತೆಲುಗು ಬೈಗುಳ, ನಾನೇ ಹೇಳಿ ತುಂಬಿಸಿದ್ದ ಪದಗಳ ನಡುವೆ ಕೂತಿತ್ತು. ಬರೆದವರು ಯಾರೆಂದು ನೋಡದೆ ಪೇಜು ಅದನ್ನು ಮರೆ ಮಾಡಿತ್ತು. ಹಾಗೆ ಮರೆಯಾದದ್ದು ಬರೆದವನಿಗೆ ಮತ್ತು ಅವನ ಗೆಳೆಯರಿಗೆ ಮಾತ್ರ ಕಾಣುತ್ತಲೇ ಇರುತ್ತದಂತೆ. ಓಣಿಯವರ ಲೈಕು ಬಂದದ್ದು ಹಾಗೆ. ಆ ಮನುಷ್ಯನಿಗೆ ನನ್ನ ಉತ್ತರ ಕಂಡೇ ಇರಲಿಲ್ಲ.

'ಗೊತ್ತಿದ್ದೂ ಹೇಳಲಿಲ್ವಲ್ಲ ನೀನು.'

'ನೀವು ಅಷ್ಟು ಖುಷಿಯಾಗಿದ್ರಿ,' ಅಂದಳು. ಅದು ಬೈದದ್ದಕ್ಕಿಂತ ಜೋರಾಗಿ ತಾಗಿತು.

ನನ್ನ ಮಾತನ್ನು ಈಗಲೇ ತೆರೆ ಅಂದೆ. ಅವಳು ಫೋನನ್ನು ನನ್ನ ಕೈಗೇ ಕೊಟ್ಟಳು.

'ತೆರೀರಿ. ಆದ್ರೆ ಮೊದಲು ಮೇಲೆ ಪಿನ್ ಮಾಡಿರೋದನ್ನ ತೆಗೀರಿ. ಯಾರದೇ ಆಗಲಿ ಅಂತ ಬರ್ದೈತೆ. ಎರಡೂ ಒಟ್ಟಿಗೆ ಇರಾಕಾಗಲ್ಲ.'

ಬೆರಳು ಪಿನ್ನಿನ ಮೇಲೆ ಹೋಯಿತು, ಒತ್ತಲಿಲ್ಲ. ಅದು ಹೋದರೆ ನಾಳೆ ಜಾತಿ ಎತ್ತುವವನಿಗೆ ಏನು ತೋರಿಸುವುದು? ಅವಳ ಫೋನು ಅವಳಿಗೆ ಕೊಟ್ಟು ನನ್ನ ಫೋನು ಕೈಗೆತ್ತಿಕೊಂಡೆ. ತೆಲುಗಿನ ಮಾತೊಂದನ್ನು ಅಳಿಸಿ, ಅಂಚಿನ ಮಾತು ಉಳಿಸಿದೆ. ಅವಳು ಓದಿ, ಮರೆ ತೆಗೆದಳು. ಒಂದು ಅಕ್ಷರವನ್ನೂ ತಿದ್ದಲಿಲ್ಲ. ತಿದ್ದಿದ್ದರೆ ಜಗಳಕ್ಕೆ ಒಂದು ನೆಪವಾದರೂ ಸಿಗುತ್ತಿತ್ತು.

ಅದಕ್ಕೆ ಕೆಲವು ಲೈಕು ಬಂದವು. ಅವಳದಕ್ಕೆ ಬಂದಷ್ಟಲ್ಲ.

ಕೆಲವು ದಿನಗಳ ಮೇಲೆ ನಾಯಕನಹಟ್ಟಿಯಿಂದ ಒಬ್ಬ ಹೆಂಗಸು ಮಗಳ ಮದುವೆಗೆಂದು ಬಂದರು. ಅಂಚಿನ ಬಗ್ಗೆ ಓದಿದ್ದರು, ಸೀರೆ ಮಗುಚಿ ಕೊಂಡಿಯನ್ನೂ ನೋಡಿದರು. ನನ್ನ ಎದೆ ಸ್ವಲ್ಪ ತಣ್ಣಗಾಯಿತು. ಆಮೇಲೆ, 'ಜನಕ್ಕೆ ಉತ್ರ ಬರೆಯೋರೂ ನೀವೇನಾ? ಅದನ್ನ ಓದಾಕೇ ನಾನು ಪೇಜಿಗೆ ಬರ್ತೀನಿ' ಅಂದರು.

ಹಿಂದಿನ ಹಾಗೆ ತಲೆಯಾಡಿಸಬಹುದಿತ್ತು. ಹೆಂಡತಿ ಸೀರೆ ಮಡಚುತ್ತ ತಲೆ ಬಗ್ಗಿಸಿಯೇ ಇದ್ದಳು.

'ನಾನಲ್ಲಮ್ಮ. ಇವಳು,' ಅಂದೆ.

ಆ ಹೆಂಗಸು ನನ್ನ ಕಡೆ ಮತ್ತೆ ತಿರುಗಲಿಲ್ಲ. ಅವಳ ಪಕ್ಕ ಚಾಪೆ ಮೇಲೆ ಕೂತು, ಅದ್ಹೆಂಗೆ ಸಿಟ್ಟು ಬರಲ್ಲ ನಿಂಗೆ ಎಂದು ಶುರು ಮಾಡಿದರು. ನಾನು ಒಳಗೆ ಹೋಗಿ ಮಗ್ಗಕ್ಕೆ ಕೂತೆ. ಮುಂದಿನ ಕೋಣೆಯಿಂದ ಇಬ್ಬರ ನಗು ಕೇಳುತ್ತಿತ್ತು. ಬೇಕೆಂದೇ ಜೋರಾಗಿ ನೇಯ್ದೆ. ಸ್ವಲ್ಪ ಹೊತ್ತಾದ ಮೇಲೆ, ಅವಳು ಏನು ಹೇಳುತ್ತಾಳೋ ಕೇಳಿಸಲೆಂದು ಲಾಳಿ ನಿಲ್ಲಿಸಿದೆ.