ಆಗಸ್ಟ್ ನಂತರದ ರಸೀದಿಗಳು

ಆಸ್ಪತ್ರೆಯಲ್ಲಿ ಅವನನ್ನು ಎಲ್ಲರೂ ಉಸಿರಣ್ಣ ಎಂದೇ ಕರೆಯುತ್ತಿದ್ದರು. ಎಕ್ಸ್‌ರೇ ಕೋಣೆಯ ದಪ್ಪ ಗಾಜಿನ ಹಿಂದೆ ನಿಂತು ದಿನವಿಡೀ ಅವನು ಹೇಳುತ್ತಿದ್ದ ಮಾತು ಒಂದೇ: "ಉಸಿರು ಎಳ್ಕೊಳ್ಳಿ, ಬಿಗಿ ಹಿಡೀರಿ... ಹಾಂ, ಬಿಡಿ." ಹದಿನೈದು ವರ್ಷ ಇದೇ ಮಾತನ್ನಾಡಿ ಅವನ ದನಿಗೆ ಒಂದು ಮೃದುತ್ವ ಬಂದುಬಿಟ್ಟಿತ್ತು. ತರಕಾರಿ ಅಂಗಡಿಯಲ್ಲಿ ಚೌಕಾಸಿ ಮಾಡುವಾಗಲೂ ಅದೇ ದನಿ. ಹಾಗಾಗಿ ಅವನಿಗೆ ಯಾರೂ ಬೆಲೆ ಇಳಿಸುತ್ತಿರಲಿಲ್ಲ. ಯಾರ ಬಳಿಯೂ ಏನನ್ನೂ ಕೇಳಲಾರದ ಸಂಕೋಚ ಅವನ ಹುಟ್ಟುಗುಣ. ಈ ಕಥೆಗೆಲ್ಲ ಮೂಲ ಆ ಸಂಕೋಚವೇ.

ಅವನು ಬಾಡಿಗೆಗಿದ್ದ ಮನೆಯ ಯಜಮಾನರು ನಿವೃತ್ತ ಬಸ್ ಕಂಡಕ್ಟರು. ಕೆಳಗಿನ ಮನೆಯಲ್ಲಿ ಅವರೂ ಅವರ ಹೆಂಡತಿಯೂ, ಮೇಲಿನ ಮನೆಯಲ್ಲಿ ಉಸಿರಣ್ಣ, ಅವನ ಹೆಂಡತಿ, ಮಗಳು. ಕೆಲಸ ಬಿಟ್ಟರೂ ಯಜಮಾನರಿಗೆ ಕಂಡಕ್ಟರಿಕೆ ಬಿಟ್ಟಿರಲಿಲ್ಲ. ಒಂದನೆಯ ತಾರೀಕು ಬಾಡಿಗೆ ಕೈಗೆ ಬಿದ್ದ ಕೂಡಲೇ ರಸೀದಿ ಪುಸ್ತಕ ತೆಗೆದು, ಯಾವ ತಿಂಗಳದ್ದು, ಎಷ್ಟು, ಯಾವ ಮನೆಯದ್ದು ಎಂದು ಬರೆದು, ರೆವಿನ್ಯೂ ಸ್ಟ್ಯಾಂಪನ್ನು ನಾಲಿಗೆಗೆ ಒತ್ತಿ ಅಂಟಿಸಿ, ಅದರ ಮೇಲೆ ಅಡ್ಡಲಾಗಿ ಸಹಿ ಎಳೆಯುತ್ತಿದ್ದರು. ಕೊನೆಗೆ ಟಿಕೆಟ್ಟಿಗೆ ತೂತು ಹೊಡೆಯುವ ತಮ್ಮ ಹಳೆಯ ಇಕ್ಕಳದಿಂದ ಚೀಟಿಯ ಮೂಲೆಗೆ 'ಟಕ್' ಎಂದು ಒಂದು ತೂತು.

"ಟಿಕೆಟ್ ಇಲ್ದೆ ಪ್ರಯಾಣ ಇಲ್ಲ, ತಮ್ಮಾ. ಜೋಪಾನವಾಗಿ ಇಟ್ಕೋ, ಚೆಕಿಂಗ್‌ನೋರು ಬರ್ತಾರೆ," ಎಂದು ನಗುತ್ತಿದ್ದರು.

ಚೆಕಿಂಗ್‌ನವರೆಂದರೆ ಆಸ್ಪತ್ರೆಯ ಸಂಬಳದ ಮೇಡಂ. ಹೊಸ ತೆರಿಗೆ ಪದ್ಧತಿ ಇನ್ನೂ ಬಾರದಿದ್ದ ಕಾಲವದು. ಪ್ರತಿ ಜನವರಿಯಲ್ಲಿ ಬಾಡಿಗೆ ಮನೆಯ ನೌಕರರೆಲ್ಲ ಆಕೆಯ ಮೇಜಿನ ಮುಂದೆ ಚೀಟಿಗಳನ್ನು ಹಿಡಿದು ನಿಲ್ಲುತ್ತಿದ್ದರು. ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆಯ ಒಂದು ಭಾಗಕ್ಕೆ ತೆರಿಗೆ ಇಲ್ಲ. ಆದರೆ ಬಾಡಿಗೆ ನಿಜವಾಗಿ ಕೊಟ್ಟಿರಬೇಕು, ಕೊಟ್ಟದ್ದಕ್ಕೆ ರಸೀದಿ ಇರಬೇಕು. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮನೆಯ ಮಾಲೀಕರ ಹೆಸರು, ವಿಳಾಸದ ಜೊತೆಗೆ ಅವರ ಪ್ಯಾನ್ ನಂಬರನ್ನೂ ಕೊಡಬೇಕು. ಪ್ಯಾನ್ ಎಂದೊಡನೆ ಎಷ್ಟೋ ಮಾಲೀಕರು ಮುಖ ಗಂಟಿಕ್ಕುತ್ತಿದ್ದರು. ಕಂಡಕ್ಟರ್ ಯಜಮಾನರು ಮಾತ್ರ ತಾವೇ ಪ್ರತಿ ಮಾಡಿಸಿ ತಂದುಕೊಟ್ಟಿದ್ದರು. "ದುಡ್ಡು ತಗೊಂಡಿದೀನಿ, ಲೆಕ್ಕ ತೋರಿಸ್ತೀನಿ. ಅದ್ರಲ್ಲಿ ಮುಚ್ಚಿಡೋದೇನು?"

ಆ ವರ್ಷದ ಜುಲೈ ಕೊನೆಯಲ್ಲಿ ಯಜಮಾನರಿಗೆ ಎದೆ ಹಿಡಿದುಕೊಂಡಿತು. ತಂದದ್ದು ಇದೇ ಆಸ್ಪತ್ರೆಗೆ. ಎದೆಯ ಚಿತ್ರ ತೆಗೆದವನು ಉಸಿರಣ್ಣನೇ. "ಉಸಿರು ಬಿಗಿ ಹಿಡೀರಿ, ಯಜಮಾನ್ರೇ" ಎಂದರೆ, ಅಂಥ ನೋವಿನಲ್ಲೂ "ಉಳಿದಿರೋದೇ ಅಷ್ಟು, ತಮ್ಮಾ" ಎಂದರು. ಮೂರನೆಯ ದಿನ ತೀರಿಕೊಂಡರು.

ಆಗಸ್ಟಿನ ಬಾಡಿಗೆ ಕೊಡಲು ಉಸಿರಣ್ಣ ಕೆಳಗಿಳಿದಾಗ ಯಜಮಾನರ ಹೆಂಡತಿ ಬಾಗಿಲನ್ನು ಅರ್ಧವಷ್ಟೇ ತೆರೆದರು. ಹಣವನ್ನು ಎಣಿಸದೆ ಸೆರಗಿನ ಮರೆಗೆ ತೆಗೆದುಕೊಂಡು, "ಊಟ ಆಯ್ತಾ ಅಪ್ಪಾ?" ಎಂದು ಕೇಳಿ ಬಾಗಿಲು ಮುಚ್ಚಿಕೊಂಡರು. ಆ ಬಾಗಿಲ ಸಂದಿಯಲ್ಲಿ ನಿಂತು "ಅಮ್ಮಾ, ರಸೀದಿ" ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ. ಸೆಪ್ಟೆಂಬರಿನಲ್ಲೂ ಏಳಲಿಲ್ಲ. ಮುಂದಿನ ತಿಂಗಳು ಕೇಳಿದರಾಯಿತು ಎನ್ನುತ್ತ ಎನ್ನುತ್ತ ಜನವರಿ ಬಂದೇಬಿಟ್ಟಿತು.

ಒಂದು ಭಾನುವಾರ ಮಧ್ಯಾಹ್ನ ಅವನು ಊಟದ ಮೇಜಿನ ಮೇಲೆ ಏಪ್ರಿಲಿನಿಂದ ಜುಲೈವರೆಗಿನ ಯಜಮಾನರ ರಸೀದಿಗಳನ್ನು ಹರಡಿಕೊಂಡು ಕುಳಿತ. ಅಂಗಡಿಯಿಂದ ಅಂಥದ್ದೇ ಪುಸ್ತಕ ತಂದಿದ್ದ. ಆಗಸ್ಟಿನಿಂದ ಡಿಸೆಂಬರಿನವರೆಗೆ ಐದು ಚೀಟಿ ಬರೆದು, ಸ್ಟ್ಯಾಂಪು ಅಂಟಿಸಿ, ಯಜಮಾನರ ಸಹಿಯನ್ನು ಕೊನೆಯ ಸುಳಿಯ ಸಮೇತ ಎಳೆದ. ಬಾಡಿಗೆ ಕೊಟ್ಟದ್ದಂತೂ ನಿಜ ತಾನೇ, ಯಾರಿಗೇನು ನಷ್ಟ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ಹಿಂದೆ ಬಂದು ನಿಂತಿದ್ದ ಹೆಂಡತಿ ಎಲ್ಲವನ್ನೂ ನೋಡಿದಳು. "ಅವರನ್ನ ಕೇಳೋಕೆ ನಾಚಿಕೆ. ಸತ್ತೋರ ಸಹಿ ಹಾಕೋಕೆ ನಾಚಿಕೆ ಇಲ್ವಾ?"

"ಮೆಲ್ಲಗೆ ಮಾತಾಡೇ, ಕೆಳಗೆ ಕೇಳಿಸುತ್ತೆ."

"ಕೇಳಿಸ್ಲಿ ಬಿಡಿ. ಹಾಗಾದ್ರೂ ವಿಷಯ ಮುಟ್ಟುತ್ತೆ," ಎಂದು ಅವಳು ಒಳಗೆ ಹೋದಳು.

ಮರುದಿನ ಸಂಬಳದ ಮೇಡಂ ಚೀಟಿಗಳನ್ನು ಒಂದೊಂದಾಗಿ ತಿರುವಿದರು. ಆಗಸ್ಟಿನ ಚೀಟಿಯ ಬಳಿ ಅವರ ಕೈ ನಿಂತಿತು. ಕನ್ನಡಕದ ಮೇಲಿಂದ ನೋಡಿದರು.

"ಉಸಿರಣ್ಣ, ಈ ಕಂಡಕ್ಟರ್ರು ನಮ್ಮ ಆಸ್ಪತ್ರೆಯಲ್ಲೇ ಅಲ್ವಾ ಹೋಗಿದ್ದು? ಬಿಲ್ ಕಟ್ಟೋ ದಿನ ಅವರ ಹೆಂಡತಿ ನನ್ ಮುಂದೇನೇ ಕೂತಿದ್ರು. ಬಿಲ್ಲಲ್ಲಿ ರಿಯಾಯಿತಿ ಕೊಡಿ ಅಂತ ಬಾಯಿಬಿಟ್ಟು ಕೇಳೋಕಾಗ್ದೆ ಚೀಟಿ ಬರೆದುಕೊಟ್ಟೋರು ನೀವೇ."

ಉಸಿರಣ್ಣನ ಮುಖದ ರಕ್ತವೆಲ್ಲ ಇಳಿದುಹೋಯಿತು.

ಮೇಡಂ ದನಿ ತಗ್ಗಿಸಿದರು. "ಆಗಸ್ಟಿಂದ ಸಹಿ ಮಾಡಿ ಮೇಲಿಂದ ಕಳಿಸ್ತಿದ್ದಾರಾ?"

"ಮೇಡಂ... ಬಾಡಿಗೆ ನಾನು ಕೊಟ್ಟಿದೀನಿ. ಆಣೆ ಮಾಡಿ ಹೇಳ್ತೀನಿ."

"ಕೊಟ್ಟಿದೀರಿ ಅಂತ ನಂಗೊತ್ತು. ಯಾರಿಗೆ ಕೊಟ್ರಿ? ಅವರ ಸಹಿ ಎಲ್ಲಿ?"

"ವಿನಾಯಿತಿಯೇ ಬೇಡ ಬಿಡಿ. ತೆರಿಗೆ ಹಿಡ್ಕೊಂಡುಬಿಡಿ."

ಮೇಡಂ ಹಾಳೆಯ ಅಂಚಿನಲ್ಲಿ ಲೆಕ್ಕ ಹಾಕಿದರು. ತಿಂಗಳಿಗೆ ಹನ್ನೆರಡು ಸಾವಿರದಂತೆ ವರ್ಷದ ಬಾಡಿಗೆ ಒಂದು ಲಕ್ಷ ನಲವತ್ತನಾಲ್ಕು ಸಾವಿರ. ಅದರಲ್ಲಿ ಅವನ ಮೂಲ ವೇತನದ ಹತ್ತನೇ ಒಂದು ಪಾಲು, ಅಂದರೆ ನಲವತ್ತೆಂಟು ಸಾವಿರ, ಕಳೆದರೆ ತೊಂಬತ್ತಾರು ಸಾವಿರ. ಅವನಿಗೆ ಬಂದ ಭತ್ಯೆ ಅದಕ್ಕಿಂತ ಹೆಚ್ಚು. ಮಹಾನಗರವಲ್ಲದ ಊರಿಗೆ ಹಾಕಿರುವ ಮಿತಿ, ಮೂಲ ವೇತನದ ನೂರಕ್ಕೆ ನಲವತ್ತು, ಅದೂ ಹೆಚ್ಚು. ಮೂರರಲ್ಲಿ ಕಡಿಮೆ ಯಾವುದೋ ಅಷ್ಟಕ್ಕೇ ವಿನಾಯಿತಿ.

"ತೊಂಬತ್ತಾರು ಸಾವಿರ. ಬಿಟ್ರೆ ಹತ್ತಿರ ಹತ್ತಿರ ಇಪ್ಪತ್ತು ಸಾವಿರ ತೆರಿಗೆ, ಫೆಬ್ರವರಿ ಮಾರ್ಚ್ ಸಂಬಳದಲ್ಲೇ ಹೋಗುತ್ತೆ. ಅದು ನಿಮ್ಮಿಷ್ಟ. ಆದ್ರೆ ಮಗಳ ಫೀಸು ಅಂತ ಮುಂಗಡ ಕೇಳೋಕೆ ಮತ್ತೆ ನನ್ ಹತ್ರಾನೇ ಬರಬೇಡಿ." ಆ ಐದು ಚೀಟಿಗಳನ್ನು ಬೇರೆ ಮಾಡಿ ಅವನ ಕಡೆ ತಳ್ಳಿದರು. "ಇವನ್ನ ನಾನು ನೋಡೇ ಇಲ್ಲ. ಜುಲೈವರೆಗೆ ಯಜಮಾನರ ಹೆಸರು, ಅವರ ಪ್ಯಾನು. ಆಗಸ್ಟಿಂದ ಬಾಡಿಗೆ ತಗೊಂಡಿರೋದು ಆಯಮ್ಮ. ಅವರ ಹೆಸರು, ಅವರ ಪ್ಯಾನು, ಅವರ ಸಹಿ. ಕರಾರು ಪತ್ರಾನೂ ಅವರ ಹೆಸರಿಗೆ ಮಾಡಿಸ್ಕೊಳ್ಳಿ. ಸತ್ತೋರ ಪ್ಯಾನಿಗೆ ಇವನ್ನ ಸೇರಿಸಿದ್ರೆ ನಾಳೆ ತೆರಿಗೆಯೋರು ಕೇಳೋದು ಯಾರನ್ನ? ಆ ತಾಯಿನ. ಶುಕ್ರವಾರದೊಳಗೆ ತನ್ನಿ."

ಸಂಬಳದ ಕೋಣೆಯಿಂದ ಎಕ್ಸ್‌ರೇ ಕೋಣೆಗೆ ಅವನು ಹೇಗೆ ನಡೆದನೋ ಅವನಿಗೇ ತಿಳಿಯದು. ಗಾಜಿನಾಚೆ ಒಬ್ಬ ಮುದುಕರು ಎದೆಯೊಡ್ಡಿ ನಿಂತಿದ್ದರು. "ಉಸಿರು ಎಳ್ಕೊಳ್ಳಿ, ಬಿಗಿ ಹಿಡೀರಿ," ಎಂದ. ಚಿತ್ರ ಬಂತು. ಅವನು ಅದನ್ನೇ ನೋಡುತ್ತ ನಿಂತುಬಿಟ್ಟ. ಮುದುಕರ ಮುಖ ಕೆಂಪಾಗಿ, ಕಣ್ಣು ಹೊರಬಂದು, ಕೊನೆಗೆ ಅವರೇ ಬುಸ್ಸೆಂದು ಬಿಟ್ಟರು. "ಏನಪ್ಪಾ, ಬಿಡಿ ಅಂತ ಹೇಳೋಕೆ ಬೇರೆ ಚೀಟಿ ಬೇಕಾ?"

ಸಂಜೆ ಮನೆಗೆ ಬಂದವನು ನೇರ ಕೆಳಮನೆಯ ಬಾಗಿಲು ತಟ್ಟಿದ. ಮಹಡಿ ಹತ್ತಿದರೆ ಮತ್ತೆ ಇಳಿಯುವ ಧೈರ್ಯ ಬರಲಾರದೆಂದು ಅವನಿಗೆ ಗೊತ್ತಿತ್ತು. ಅಮ್ಮ ಈ ಸಲ ಬಾಗಿಲನ್ನು ಪೂರ್ತಿ ತೆರೆದರು. ಯಜಮಾನರ ಕುರ್ಚಿ ಇದ್ದಲ್ಲೇ ಇತ್ತು. ಅದರಲ್ಲಿ ಕೂರಲಾಗದೆ ಅವನು ಮುಳ್ಳಿನ ಮೇಲೆ ಕೂತಂತೆ ಮಂಚದ ಅಂಚಿನಲ್ಲಿ ಕೂತ.

"ಬಾಡಿಗೆ ಮೊನ್ನೆ ತಾನೇ ಕೊಟ್ಟೆಯಲ್ಲ ಅಪ್ಪಾ?"

"ಹೌದಮ್ಮಾ. ಅದಕ್ಕೇ... ಆಫೀಸಿನಲ್ಲಿ ರಸೀದಿ ಕೇಳ್ತಾರೆ. ನಿಮ್ಮ ಪ್ಯಾನೂ ಬೇಕಂತೆ." ಕಾಗದಗಳನ್ನು ಚೀಲದಿಂದ ತೆಗೆಯುವಾಗ ಆ ಐದು ಚೀಟಿಗಳೂ ಜೊತೆಗೇ ಹೊರಬಿದ್ದವು.

ಅಮ್ಮ ಬಗ್ಗಿ ಒಂದನ್ನು ಎತ್ತಿಕೊಂಡರು. ಕನ್ನಡಕ ಏರಿಸಿದರು. ಗಂಡನ ಸಹಿಯನ್ನು ಕಂಡು ಅವರ ಮುಖ ಒಮ್ಮೆ ಬೆಳಗಿದಂತಾಯಿತು. ಹೆಬ್ಬೆರಳು ಚೀಟಿಯ ಅಂಚಿನುದ್ದಕ್ಕೂ ಸರಿಯಿತು.

"ಇದು ಅವರು ಯಾವಾಗ ಹಾಕಿದ್ದು?"

ಉತ್ತರ ಅವನ ಬಾಯಲ್ಲಿ ಸಿದ್ಧವಾಗಿತ್ತು. 'ಮುಂಚೇನೇ ಹಾಕಿಟ್ಟಿದ್ರು ಅಮ್ಮಾ' ಎಂದರೆ ಮುಗಿಯಿತು. ಅವರಿಗೂ ಸಂತೋಷ, ಅವನ ಮಾನವೂ ಉಳಿಯಿತು.

"ಅವರಲ್ಲಮ್ಮಾ. ನಾನು ಹಾಕಿದ್ದು."

"ಗೊತ್ತು," ಎಂದರು ಅಮ್ಮ. "ತೂತಿಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಗುಳಕ್ಕೆ ತಲೆಯೊಡ್ಡಿಕೊಂಡೇ ಕೂತಿದ್ದ. ಅವರು ಬೈಯಲಿಲ್ಲ. ಐದು ಚೀಟಿಗಳನ್ನೂ ಆಯ್ದು, ಅಂಚು ಸರಿಮಾಡಿ, ಕೈಯಲ್ಲೇ ಇಟ್ಟುಕೊಂಡರು.

"ನನ್ನ ಕೇಳಬಹುದಿತ್ತಲ್ಲಪ್ಪಾ. ನಂಗೆ ಸಹಿ ಬರಲ್ಲ ಅಂದ್ಕೊಂಡ್ಯಾ?"

"ಅಯ್ಯೋ ಇಲ್ಲಮ್ಮಾ. ದುಃಖದಲ್ಲಿದ್ರಿ. ಹೇಗೆ ಕೇಳೋದು ಅಂತ..."

"ಊಟ ಆಯ್ತಾ ಅಂತ ನಾನು ಪ್ರತಿ ತಿಂಗಳೂ ಕೇಳ್ತಿದ್ದೆ. ಯಾಕೆ ಕೇಳ್ತಿದ್ದೆ ಹೇಳು? ಯಾರಾದ್ರೂ ಎರಡು ಮಾತಾಡ್ಲಿ ಅಂತ."

ಅಮ್ಮ ಒಳಗೆ ಹೋಗಿ ತಮ್ಮ ಪ್ಯಾನ್ ಕಾರ್ಡನ್ನೂ ಯಜಮಾನರ ರಸೀದಿ ಪುಸ್ತಕವನ್ನೂ ತಂದರು. ಕಾರ್ಡು ಮಾಡಿಸಿಟ್ಟವರು ಯಜಮಾನರೇ. ಐದು ರಸೀದಿಗಳನ್ನು ತಾವೇ ಬರೆದರು. ತಿಂಗಳು, ಮೊತ್ತ, ಮನೆಯ ವಿಳಾಸ, ಕೊಟ್ಟವರ ಹೆಸರು, ಪಡೆದವರ ಹೆಸರು ಎಲ್ಲವನ್ನೂ ದುಂಡಗೆ ಬರೆದು, ಸ್ಟ್ಯಾಂಪಿನ ಮೇಲೆ ಸಹಿ ಮಾಡಿದರು. ಬರೆದ ದಿನದ ತಾರೀಕನ್ನೇ ಹಾಕಿದರು. "ಇವತ್ತು ಬರೆದಿದ್ದನ್ನ ಇವತ್ತು ಅಂತಾನೇ ಬರೀಬೇಕು," ಎಂದರು, ಅವನ ಕಡೆ ನೋಡದೆ. ಇಕ್ಕಳ ಗೂಡಿನಲ್ಲೇ ಕಾಣುತ್ತಿತ್ತು. ಅವರು ಅದನ್ನು ಮುಟ್ಟಲಿಲ್ಲ.

"ಅಮ್ಮಾ, ಆ ಹಳೇ ಚೀಟಿ... ಹರಿದುಹಾಕ್ತೀನಿ, ಕೊಡಿ."

"ಇರ್ಲಿ. ಕರಾರು ಬರೆಸ್ಕೊಂಡು ಬಾ, ಸಹಿ ಹಾಕ್ತೀನಿ. ಇನ್ಮೇಲೆ ಬಾಡಿಗೆ ನನ್ನ ಬ್ಯಾಂಕ್ ಖಾತೆಗೆ ಹಾಕಿಬಿಡು. ಸ್ಟ್ಯಾಂಪ್ ಅಂಟಿಸೋ ಕೆಲಸವೂ ಇರಲ್ಲ. ನೀನು ಬರೋದೂ ಬೇಡ."

ಮಹಡಿ ಹತ್ತುವಾಗ ಉಸಿರಣ್ಣನಿಗೆ ಅನ್ನಿಸಿತು: ಬೈಗುಳವೆಂದರೆ ಇದೇ.

ವಿನಾಯಿತಿ ಸಿಕ್ಕಿತು. ಮೇಡಂ ಎರಡು ಹೆಸರು, ಎರಡು ಪ್ಯಾನು ಬರೆದುಕೊಂಡು, "ಈಗ ಸರಿಯಾಯ್ತು ನೋಡಿ," ಎಂದು ನಕ್ಕರು. ಅವನಿಗೆ ನಗು ಬರಲಿಲ್ಲ. ಫೆಬ್ರವರಿ, ಮಾರ್ಚ್ ತಿಂಗಳ ಬಾಡಿಗೆ ಬ್ಯಾಂಕಿಗೆ ಹೋಯಿತು. ಮೆಟ್ಟಿಲಿಳಿಯುವಾಗ ಅವನು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಸದ್ದಾಗದಂತೆ ಇಳಿಯತೊಡಗಿದ. ಹೆಂಡತಿ ನೋಡಿ, "ಸ್ವಂತ ದುಡ್ಡು ಕೊಟ್ಟಿರೋ ಮನೇಲಿ ಕಳ್ಳನ ಹಾಗೆ ಓಡಾಡ್ತಿದೀರಲ್ರೀ," ಎಂದಳು. ಅವಳ ದನಿಯಲ್ಲಿ ಈಗ ಕೋಪವಿರಲಿಲ್ಲ.

ಏಪ್ರಿಲ್ ಒಂದರಂದು ಬಾಡಿಗೆಯನ್ನು ಖಾತೆಗೆ ಹಾಕದೆ ಅವನು ನೋಟುಗಳನ್ನು ಲಕೋಟೆಯಲ್ಲಿಟ್ಟುಕೊಂಡು ಕೆಳಗಿಳಿದ. ಚಪ್ಪಲಿ ಹಾಕಿಕೊಂಡೇ, ಸದ್ದು ಮಾಡುತ್ತಲೇ ಇಳಿದ. ಬಾಗಿಲು ತೆರೆಯಿತು.

"ಬ್ಯಾಂಕಿಗೆ ಹಾಕು ಅಂದಿದ್ನಲ್ಲ?"

"ಊಟ ಆಯ್ತಾಮ್ಮಾ?" ಎಂದು ಕೇಳಿದ ಉಸಿರಣ್ಣ. ಕೇಳುವಾಗ ಕಿವಿಯವರೆಗೂ ಬಿಸಿಯಾಯಿತು. "ರಸೀದಿ ಬೇಕಿತ್ತು."

ಅಮ್ಮ ಲಕೋಟೆ ತೆಗೆದುಕೊಂಡು, ನೋಟುಗಳನ್ನು ಅವನೆದುರೇ ಎಣಿಸಿದರು. ರಸೀದಿ ಬರೆದರು, ಸ್ಟ್ಯಾಂಪ್ ಅಂಟಿಸಿ ಸಹಿ ಮಾಡಿದರು. ಗೂಡಿನ ಕಡೆ ನಡೆದು ಇಕ್ಕಳವನ್ನು ಎತ್ತಿಕೊಂಡರು. ತುಕ್ಕು ಹಿಡಿದಿದ್ದ ಅದನ್ನು ಎರಡೂ ಕೈಯಲ್ಲಿ ಒತ್ತಬೇಕಾಯಿತು.

ಅವನು ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡ. ತಲೆ ಎತ್ತಲು ಇನ್ನೂ ಆಗಲಿಲ್ಲ.