ಹೀರಾ ಅತ್ತೆಯ ಮಳೆಗಾಲದ ಗಂಟು

ನಮ್ಮ ಹೀರಾ ಅತ್ತೆಗೆ ಹೆದರಿಕೆ ಎಂಬುದೇ ಇಲ್ಲ ಎಂದು ಹಾರವಾಡದಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ. ಮೀನಿನ ಬುಟ್ಟಿ ಕೆಳಗಿಳಿಸು ಎಂದ ಕಂಡಕ್ಟರನಿಗೆ "ನೀ ಮನೆಯಲ್ಲಿ ಬಂಗಡೆ ತಿನ್ನೂದಿಲ್ವೋ?" ಎಂದು ಕೇಳಿ, ಅವನ ಕಾಲ ಬುಡದಲ್ಲೇ ಬುಟ್ಟಿ ಇಟ್ಟುಕೊಂಡು ಅಂಕೋಲೆಯ ಪೇಟೆಗೆ ಬಂದಿಳಿದ ಹೆಂಗಸು ಅವಳು. ಅಂಥವಳು ಕಳೆದ ಜೂನ್‌ನಲ್ಲಿ ಫೋನು ರಿಂಗಾದರೂ ಬೆಚ್ಚಿ ಬೀಳುತ್ತಿದ್ದಳು.

ನಮ್ಮ ಕಡೆ ಜೂನ್, ಜುಲೈ ಎಂದರೆ ಯಾಂತ್ರಿಕ ದೋಣಿಗಳಿಗೆ ಬಂದ್. ದೋಣಿ ಕಟ್ಟಿಹಾಕಿದರೆ ಮೀನು ಮಾರುವ ಹೆಂಗಸರ ಕೈಯೂ ಕಟ್ಟಿದ ಹಾಗೆ. ಅದಕ್ಕೇ ಅತ್ತೆ ಮತ್ತು ಅವಳ ಜೊತೆಯ ಐದು ಜನ ವಾರವಾರ ಸ್ವಲ್ಪ ಸ್ವಲ್ಪ ಒಟ್ಟು ಮಾಡುತ್ತಾರೆ. ಇಡುವುದು ಅತ್ತೆಯ ಹತ್ತಿರ, ಹಂಚುವುದು ಮಳೆ ಹಿಡಿದ ಮೇಲೆ. ಅದಕ್ಕೆ ಮಳೆಗಾಲದ ಗಂಟು ಎನ್ನುತ್ತಾರೆ. ಎರಡು ತಿಂಗಳ ಅಕ್ಕಿ, ಮಕ್ಕಳ ಶಾಲೆ, ಔಷಧಿ, ಎಲ್ಲ ಅದರಲ್ಲೇ ಆಗಬೇಕು.

ಈ ಸಲ ಅತ್ತೆ ಆ ಗಂಟನ್ನು ಕಾರವಾರದ ಮಂಗೇಶನ ಆಫೀಸಿನಲ್ಲಿ ಹಾಕಿದ್ದಳು. ಶೆಟ್ಲಿ, ಅಂದರೆ ಸಿಗಡಿಯನ್ನು ಹೊರದೇಶಕ್ಕೆ ಕಳಿಸುವ ವ್ಯಾಪಾರವಂತೆ, ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಗ್ಯಾರಂಟಿಯಂತೆ. ನಾನು ಅಂಕೋಲೆಯ ಒಂದು ಸಹಕಾರಿ ಸೊಸೈಟಿಯಲ್ಲಿ ಕೆಲಸ ಮಾಡುವವಳು. ನಮ್ಮಲ್ಲಿ ಇಡು ಅತ್ತೆ, ವರ್ಷಕ್ಕೆ ನೂರಕ್ಕೆ ಏಳು ಬರುತ್ತದೆ ಎಂದಿದ್ದೆ.

"ನಿಮ್ಮ ಸೊಸೈಟಿ ವರ್ಷಕ್ಕೆ ಕೊಡೂದನ್ನ ಮಂಗೇಶ ಎರಡು ತಿಂಗಳೊಳಗೇ ಕೊಡ್ತಾನೆ ವಿಜೇತಾ. ನಿನ್ನ ಏಳು ನೀನೇ ಇಟ್ಕೊ" ಎಂದು ನಕ್ಕುಬಿಟ್ಟಳು. ನನಗೆ ಮೈಯೆಲ್ಲ ಉರಿಯಿತು. ಆದರೆ ಪ್ರತಿ ತಿಂಗಳ ಐದನೇ ತಾರೀಖಿಗೆ ದುಡ್ಡು ಬಂದೇ ಬಂತು. ಅತ್ತೆ ಅದನ್ನು ಆರು ಪಾಲು ಮಾಡಿ ಹಂಚಿದಳು. ಹೆಂಗಸರು ಬಾಯಿ ತುಂಬ ಹೊಗಳಿದರು. ನಾನು ಬಾಯಿ ಮುಚ್ಚಿಕೊಂಡೆ.

ಮೇ ಮುಗಿಯುವಾಗ ಗಂಟು ಒಂದು ಲಕ್ಷ ಇಪ್ಪತ್ತು ಸಾವಿರ ಆಗಿತ್ತು. ಜೂನ್ ಐದಕ್ಕೆ ಅತ್ತೆ ಅಸಲನ್ನೇ ತರಲು ಕಾರವಾರಕ್ಕೆ ಹೋದಳು. ಅಲ್ಲಿ ಮೆಟ್ಟಿಲ ತುಂಬ ಜನ. ಬೇಲೆಕೇರಿಯವರು, ಚೆಂಡಿಯಾದವರು, ದೋಣಿಯ ಕೆಲಸದವರು. ಮಳೆ ಹಿಡಿದಿದೆ, ಎಲ್ಲರಿಗೂ ಒಟ್ಟಿಗೇ ಅಸಲು ಬೇಕು. ಹೊಸದಾಗಿ ಹಾಕಲು ಬಂದವರು ಒಬ್ಬರೂ ಇರಲಿಲ್ಲ.

ಮಂಗೇಶ ಅತ್ತೆಯನ್ನು ಒಳಗೆ ಕರೆದು, ಆ ತಿಂಗಳ ಆರು ಸಾವಿರ ಬಡ್ಡಿಯನ್ನು ಕೈಗಿಟ್ಟ. ಅತ್ತೆ ಅದನ್ನು ನೋಡಿದಳು. ಅವಳು ನನಗೆ ಆಮೇಲೆ ಹೇಳಿದ್ದು, ಅವಳಿಗೆ ಮೊದಲ ಸಲ ಅನುಮಾನ ಬಂದದ್ದು ಆಗಲೇ ಅಂತೆ.

"ದೋಣಿ ಎಲ್ಲ ಕಟ್ಟಿಹಾಕೀರೆ. ಶೆಟ್ಲಿ ಎಲ್ಲಿಂದ ಬಂತೋ?"

"ಕೋಲ್ಡ್ ಸ್ಟೋರೇಜಿನಾಗೆ ಅದೆ ಹೀರಾಬಾಯಿ."

"ಇರ್ಲಿ. ನಾ ಹುಟ್ಟಿದಾಗಿಂದ ಮೀನು ಮಾರ್ತೆ. ಒಂದು ದಿನ ಬಂದಷ್ಟು ಇನ್ನೊಂದು ದಿನ ಬಂದದ್ದಿಲ್ಲ. ನಿನ್ನ ಲಾಭ ಮಾತ್ರ ಎಂತಕ್ಕೆ ಒಂದು ರೂಪಾಯಿ ಹೆಚ್ಚು ಕಡಿಮೆ ಆಗೂದಿಲ್ಲ?"

ಮಂಗೇಶ ಕುರ್ಚಿಯಿಂದ ಎದ್ದ. ಬಾಗಿಲು ಹಾಕಿ ಬಂದು ದನಿ ಇಳಿಸಿದ. "ಹೊರಗೆ ಹೇಳ್ಬೇಡ. ನೀ ಒಬ್ಬ ಹೊಸ ಗಿರಾಕಿ ತಂದುಕೊಡು. ಅವ್ರು ಹಾಕಿದ ದಿನವೇ ನಿನ್ನ ಅಸಲು ಪೂರಾ ಕಳಿಸ್ತೆ."

"ಅಂದ್ರೆ ನೀ ನಂಗೆ ಕೊಡೂದು ಅವ್ರ ದುಡ್ಡೇ?"

"ದುಡ್ಡಿನ ಮೇಲೆ ಹೆಸರು ಬರೆದಿರ್ತದ್ಯಾ ಬಾಯಿ?"

ಸಂಜೆ ಅತ್ತೆ ನೇರ ನಮ್ಮ ಮನೆಗೆ ಬಂದಳು. ಚಹಾ ಕೊಟ್ಟರೆ ಲೋಟ ಪಕ್ಕಕ್ಕಿಟ್ಟು, ನಡೆದದ್ದನ್ನೆಲ್ಲ ಹೇಳಿದಳು. ನಾನು ಸುಮ್ಮನಿರಬೇಕಿತ್ತು, ಇರಲಿಲ್ಲ. "ತಿಂಗಳಿಗೆ ಐದು ಅಂದ್ರೆ ವರ್ಷಕ್ಕೆ ಅರವತ್ತು. ಅಷ್ಟು ಲಾಭದ ವ್ಯಾಪಾರ ಇದ್ದಿದ್ರೆ ಅವ ಬ್ಯಾಂಕಿನಲ್ಲಿ ಕಡಿಮೆ ಬಡ್ಡಿಗೆ ಸಾಲ ತೆಗೀತಿದ್ದ. ನಿಮ್ಮಂಥವರ ಬೆನ್ನು ಹತ್ತುತ್ತಿರಲಿಲ್ಲ. ಹಳಬರಿಗೆ ಕೊಟ್ಟದ್ದೆಲ್ಲ ಹೊಸಬರು ಹಾಕಿದ್ದು. ಆ ಹೊಸಬರಿಗೂ ಮುಂದಿನ ತಿಂಗಳು ಕೊಡಬೇಕಲ್ಲ, ಅದಕ್ಕೆ ಇನ್ನೂ ಹೆಚ್ಚು ಹೊಸಬರು ಬೇಕು. ಅವರು ಬರೋದು ನಿಂತ ದಿನ ಎಲ್ಲ ಮುಗೀತು. ಅದು ಈಗ ನಿಂತಿದೆ ಅತ್ತೆ."

"ಹಾಗಾರೆ ನಾ ಹಂಚಿದ್ದು?"

"ಯಾರದ್ದೋ ಗಂಟು. ಇಲ್ಲಾಂದ್ರೆ ನಿಮ್ಮದೇ ದುಡ್ಡು, ತಿರುಗಿ ನಿಮ್ಮ ಕೈಗೆ."

 ಅತ್ತೆಯ ತಲೆಯಲ್ಲಿ ಒಂದು ಹೆಸರಿತ್ತು, ನನಗೂ ಗೊತ್ತಿತ್ತು. ಬೇಲೆಕೇರಿಯ ರೂಪಾಲಿ. ಗಂಡ ಕಡಲಲ್ಲಿ ಹೋದ ಮೇಲೆ ಬಂದ ಪರಿಹಾರದಲ್ಲಿ ಎರಡು ಲಕ್ಷ ಉಳಿಸಿಟ್ಟುಕೊಂಡು, "ನನ್ನದೂ ಹಾಕ್ಸು ಅಕ್ಕಾ" ಎಂದು ಚಳಿಗಾಲದಿಂದ ಅತ್ತೆಯ ಹಿಂದೆ ಬಿದ್ದಿದ್ದಳು. ಅತ್ತೆ ಹ್ಞೂಂ ಎಂದರೆ ಸಾಕಿತ್ತು, ಗಂಟು ತಿರುಗಿ ಬರುತ್ತಿತ್ತು. ಆ ಹೆದರಿಕೆ ಯಾರಿಗೂ ಬೇಡಪ್ಪ. ಮಂಗೇಶನದ್ದಲ್ಲ, ತನ್ನ ನಾಲಿಗೆಯದ್ದೇ ಹೆದರಿಕೆ.

ಮರುದಿನ ಅತ್ತೆ ಬೇಲೆಕೇರಿಗೆ ಹೋಗಿ ರೂಪಾಲಿಗೆ ಕೈಮುಗಿದು ಹೇಳಿದಳು, ಹಾಕಬೇಡ. ರೂಪಾಲಿಯ ಮುಖ ಕಪ್ಪಿಟ್ಟಿತು.

"ಇಷ್ಟು ದಿನ ನೀವು ತಿಂದ್ರಿ. ನನ್ನ ಸರದಿ ಬಂದಾಗ ಬೇಡ ಹೇಳ್ತ್ರಿ. ನಂಗೆ ಒಳ್ಳೇದಾಗೂದು ನಿಮಗೆ ನೋಡೂಕೆ ಆಗೂದಿಲ್ಲ!"

ಎಷ್ಟು ಹೇಳಿದರೂ ಕೇಳಲಿಲ್ಲ. ಅತ್ತೆಗೆ ಪ್ರತಿ ತಿಂಗಳು ದುಡ್ಡು ಬಂದದ್ದನ್ನು ಅವಳು ಕಣ್ಣಾರೆ ಕಂಡವಳು, ಬಾಯಿಮಾತನ್ನು ಎಂತಕ್ಕೆ ನಂಬುತ್ತಾಳೆ? ಸೋಮವಾರ ತಾನೇ ಬಸ್ಸು ಹತ್ತಿ ಹೋಗಿ, ಎರಡು ಲಕ್ಷ ಮಂಗೇಶನ ಮೇಜಿನ ಮೇಲಿಟ್ಟು, "ಹೀರಾ ಅಕ್ಕನ ಪರಿಚಯದವಳು" ಎಂದಳು.

ಮಧ್ಯಾಹ್ನ ಅತ್ತೆಯ ಫೋನು ಟುಣ್ ಎಂದಿತು. ಓದಿ ಹೇಳು ಎಂದು ನನ್ನ ಕೈಗೆ ಕೊಟ್ಟಳು. ಒಂದು ಲಕ್ಷ ಇಪ್ಪತ್ತು ಸಾವಿರ ಜಮೆ. ಇನ್ನೂ ಹತ್ತು ಗಿರಾಕಿ ತರಲಿ ಎಂದು ಮಂಗೇಶ ಎಸೆದ ಎರೆ ಅದು. ನನಗೆ ಮೊದಲು ಬಂದದ್ದು ಸಂತೋಷ, ಸುಳ್ಳು ಯಾಕೆ ಹೇಳಲಿ. ಅತ್ತೆ ಮಾತ್ರ "ಅವಳು ಹಾಕ್ಬಿಟ್ಲು" ಎಂದಳು.

ಆದರೆ ಅಸಲು ಕೇಳುವವರ ಗಲಾಟೆ ಅಂದೇ ಸಂಜೆ ಅವನ ಕೈಮೀರಿತಂತೆ, ಮಂಗಳವಾರ ಬೆಳಿಗ್ಗೆ ಕಾರವಾರದ ಆಫೀಸಿನ ಶಟರು ಮೇಲೇಳಲಿಲ್ಲ. ಮಂಗೇಶನ ಫೋನು ಸ್ವಿಚ್ ಆಫ್. ಜನ ಪೊಲೀಸ್ ಠಾಣೆಯ ಮುಂದೆ ಸೇರಿದ್ದಾರೆ ಎಂಬ ಸುದ್ದಿ ಹಾರವಾಡಕ್ಕೂ ಬಂತು. ನಾನು ಅತ್ತೆಯ ಎರಡೂ ಕೈ ಹಿಡಿದುಕೊಂಡು ಬೇಡಿದೆ. "ಯಾರಿಗೂ ಗೊತ್ತಿಲ್ಲ. ನೀ ಕೊಟ್ಟ ದುಡ್ಡೇ ನಿನಗೆ ಬಂದದ್ದು. ಐದು ಮನೆಯ ಅಕ್ಕಿ ಅತ್ತೆ, ಸುಮ್ಮನೆ ಹಂಚಿಬಿಡು."

"ನಾ ಕೊಟ್ಟ ದುಡ್ಡು ಯಾವಾಗಲೋ ಖರ್ಚಾಗಿಹೋಯ್ತು ಮಾರಾಯ್ತಿ. ನೀನೇ ಹೇಳಿದ್ಯಲ್ಲ. ಇದು ನಿನ್ನೆಯದ್ದು."

ಬ್ಯಾಂಕಿನಿಂದ ಅಷ್ಟನ್ನೂ ತೆಗೆಸಿ, ಸೆರಗಿನಲ್ಲಿ ಕಟ್ಟಿಕೊಂಡು, ಜಡಿಮಳೆಯಲ್ಲಿ ಬೇಲೆಕೇರಿಗೆ ಹೊರಟಳು. ನಾನೂ ಬೈಯುತ್ತಲೇ ಜೊತೆಗೆ ಹೋದೆ. ರೂಪಾಲಿ ಹೊಸ್ತಿಲಲ್ಲಿ ತಲೆಗೆ ಕೈಹೊತ್ತು ಕೂತಿದ್ದಳು. ಅತ್ತೆ ಗಂಟು ಬಿಚ್ಚಿ ಅವಳ ಮಡಿಲಿಗೆ ಸುರಿದಳು. "ಎಂಬತ್ತು ಸಾವಿರ ಹೋಯ್ತು ತಂಗಿ. ಅದು ನನ್ನ ಹತ್ರ ಇಲ್ಲ." ರೂಪಾಲಿ ಅತ್ತೆಯ ಕಾಲು ತಬ್ಬಿ ಅತ್ತಳು. ನನಗೂ ಅಳು ಬಂತು.

ಹಾರವಾಡದಲ್ಲಿ ಬಸ್ಸಿಳಿದಾಗ ಅತ್ತೆಯ ಮನೆಯ ಜಗಲಿಯಲ್ಲಿ ಐದೂ ಜನ ಬಂದು ಕೂತದ್ದು ದೂರದಿಂದಲೇ ಕಂಡಿತು. ಅತ್ತೆ ನಿಂತಳು. ನನ್ನ ರಟ್ಟೆ ಹಿಡಿದ ಅವಳ ಉಗುರು ಚರ್ಮಕ್ಕೆ ಚುಚ್ಚಿತು. ಆಮೇಲೆ ಕೈ ಬಿಟ್ಟು, ಒಬ್ಬಳೇ ಮುಂದೆ ನಡೆದಳು.

ಅವಳ ಜೊತೆಯವರಲ್ಲಿ ಎಲ್ಲರಿಗಿಂತ ಚಿಕ್ಕವಳಾದ ದೀಪಾ, ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ಮಳೆಗೇ ಓಡಿ ಬಂದಳು. ಅವಳ ಮುಖದ ತುಂಬ ನಗು.

"ಅಕ್ಕಾ, ಬ್ಯಾಂಕಿನಲ್ಲಿ ನಿಮ್ಮನ್ನ ಕಂಡೆ ಹೇಳಿ ಯಾರೋ ಹೇಳಿದ್ರು. ನಮ್ಮದು ಸಿಕ್ಕಿತಲ್ವಾ?"