ಬಾರದ ಪೆನ್ನಿನ ಪೆಟ್ಟಿಗೆಗಳು

ಅವನನ್ನು ಹೆಸರು ಹಿಡಿದು ಕರೆಯುವವರು ಆ ಬೀದಿಯಲ್ಲಿ ಯಾರೂ ಉಳಿದಿಲ್ಲ. ಹಾಲಿನವನಿಂದ ಹಿಡಿದು ಮೂಲೆಯ ಟೈಲರ್ ತನಕ ಎಲ್ಲರಿಗೂ ಅವನು ಹೋಲ್ಡಾನ್. ಆಯಸ್ಸಿನ ಬಹುಪಾಲು ಬಸ್ಸಿನ ಬಾಗಿಲಲ್ಲಿ ನಿಂತು "ಹೋಲ್ಡಾನ್!" ಎಂದು ಕೂಗಿ ಬಸ್ಸು ನಿಲ್ಲಿಸಿದ ಕಂಡಕ್ಟರಿಗೆ ಬೇರೆ ಹೆಸರಾದರೂ ಯಾಕೆ ಬೇಕು? ಟಿಕೆಟ್ ಇಲ್ಲದೆ ಕೂತವನನ್ನು ಅವನು ವಾಸನೆಯಲ್ಲೇ ಹಿಡಿಯುತ್ತಿದ್ದ. ಪ್ರಯಾಣಿಕ ಚಾಪೆ ಕೆಳಗೆ ತೂರಿದರೆ ಇವನು ರಂಗೋಲಿ ಕೆಳಗೆ ತೂರುವ ಜಾತಿ. ಕೊನೆಗೆ ಅವನಿಗೆ ಮೋಸ ಮಾಡಿದ್ದು ಅವನದೇ ಮಂಡಿ. ನಿವೃತ್ತಿಗೆ ಮೊದಲೇ ಮಂಡಿ ಕೈಕೊಟ್ಟಿತು, ಹೋಲ್ಡಾನ್ ಮನೆಯಲ್ಲಿ ಕೂತ.

ಮನೆಯೆಂದರೆ ಮುಂದೊಂದು ಕೋಣೆ, ಹಿಂದೊಂದು ಅಡಿಗೆಮನೆ. ಮುಂದಿನ ಕೋಣೆಯ ಕಿಟಕಿಯ ಪಕ್ಕದ ಜಾಗ ಹೆಂಡತಿಯದು. ಟೈಲರ್ ಅಂಗಡಿಯಿಂದ ಅಂಗಿ, ಬ್ಲೌಸುಗಳ ಗಂಟು ತಂದು ಗುಂಡಿ ಹಾಕುವುದು, ಹುಕ್ಕು ಹೊಲಿಯುವುದು, ಅಂಚು ಮಡಚುವುದು ಅವಳ ಕೆಲಸ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಗುಂಡಿಯ ತೂತನ್ನು ಬೆರಳ ತುದಿಯಿಂದ ತಡವಿ ಹುಡುಕಿ ಹೊಲಿಯುತ್ತಿದ್ದಳು. ಸೂಜಿಗೆ ದಾರ ಪೋಣಿಸುವುದು ಮಾತ್ರ ಅವಳಿಂದ ಆಗುತ್ತಿರಲಿಲ್ಲ. ಹಾಗಾಗಿ ಬೆಳಿಗ್ಗೆ ಕಾಫಿ ಕುಡಿದ ಕೂಡಲೇ ಹೋಲ್ಡಾನ್ ಇಡೀ ದಿನಕ್ಕೆ ಬೇಕಾಗುವಷ್ಟು ಸೂಜಿಗಳಿಗೆ ದಾರ ಪೋಣಿಸಿ ದಿಂಬಿಗೆ ಸಾಲಾಗಿ ಚುಚ್ಚಿಡುತ್ತಿದ್ದ. ಅಲ್ಲಿಗೆ ಅವನ ದಿನದ ಕೆಲಸ ಮುಗಿಯಿತು. ಆಮೇಲೆ ಸಂಜೆಯ ತನಕ ಹೆಂಡತಿ ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ಹೊಲಿಯುವುದನ್ನು ನೋಡುತ್ತಾ ಕೂರಬೇಕು. ನೋಡಲೂ ಆಗದು, ಎದ್ದು ಹೋಗಲೂ ಆಗದು. ಕಣ್ಣಿನ ಆಪರೇಷನ್ನಿಗೆಂದು ಇಬ್ಬರೂ ಸೇರಿಸಿಟ್ಟ ದುಡ್ಡು ಬ್ಯಾಂಕಿನಲ್ಲಿತ್ತು. ಇನ್ನೂ ಸ್ವಲ್ಪ ಕಡಿಮೆ ಬೀಳುತ್ತಿತ್ತು. ಆ ಸ್ವಲ್ಪವೇ ಅವನ ಎದೆ ಕೊರೆಯುತ್ತಿತ್ತು.

ಅಂಥ ಹೊತ್ತಿಗೆ ಸರಿಯಾಗಿ ಅವನ ಫೋನಿಗೆ ಒಂದು ಸಂದೇಶ ಬಂತು. ಹಳೇ ಸಹೋದ್ಯೋಗಿಗಳ ಗುಂಪಿನಲ್ಲಿ ಯಾರೋ ಯಾರಿಂದಲೋ ಬಂದದ್ದನ್ನು ಮುಂದೆ ತಳ್ಳಿದ್ದರು. ಮನೆಯಲ್ಲೇ ಕೂತು ಪೆನ್ನು ಪ್ಯಾಕ್ ಮಾಡಿ, ಓದು ಬೇಡ, ಅನುಭವ ಬೇಡ, ವಯಸ್ಸಿನ ಮಿತಿ ಇಲ್ಲ, ಪೆನ್ನಿನ ಪೆಟ್ಟಿಗೆ ನಿಮ್ಮ ಬಾಗಿಲಿಗೇ ಬರುತ್ತದೆ. ತಿಂಗಳಿಗೆ ಕೊಡುವುದಾಗಿ ಬರೆದ ಸಂಬಳ ಅವನು ಕಂಡಕ್ಟರ್ ಆಗಿದ್ದಾಗ ಪಡೆದದ್ದಕ್ಕಿಂತ ಹೆಚ್ಚು! ಅದು ಹೇಗೆ ಎಂದು ಒಂದು ಗಳಿಗೆ ಯೋಚಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಬಾಯಾರಿದವನು ಬಾವಿಯ ಆಳ ಕೇಳುತ್ತಾನೆಯೇ?

ಫಾರ್ಮು ತುಂಬಿದ, ಫೋಟೊ ಕಳಿಸಿದ, ಗುರುತಿನ ಚೀಟಿಯ ಪ್ರತಿಯನ್ನೂ ಕಳಿಸಿದ. "ಅಭಿನಂದನೆಗಳು ಸರ್, ನೀವು ಆಯ್ಕೆಯಾಗಿದ್ದೀರಿ" ಎಂದು ಆ ಕಡೆಯಿಂದ ಮೇಡಂ ಒಬ್ಬಳು ಬರೆದಳು. ನೋಂದಣಿ ಶುಲ್ಕ ಕಟ್ಟಬೇಕು, ಮೊದಲ ಸಂಬಳದ ಜೊತೆ ವಾಪಸ್ ಬರುತ್ತದೆ.

ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಕಿವಿ ನೆಟ್ಟಗಾಗುತ್ತಿತ್ತೋ ಏನೋ. ಹೋಲ್ಡಾನ್‌ಗೆ ಮಾತ್ರ ಇದು ನ್ಯಾಯವಾಗಿಯೇ ಕಂಡಿತು. ಮೊದಲು ಟಿಕೆಟ್, ಆಮೇಲೆ ಸೀಟು ಎಂದು ಬದುಕಿಡೀ ಹೇಳಿದವನು ಅವನು. ಕಾಸು ಕೊಡದೆ ಹತ್ತಿ ಕೂರುವುದು ಅವನ ಲೆಕ್ಕದಲ್ಲಿ ಪಾಪ. ಕಳಿಸಿದ.

ಆಮೇಲೆ ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವ ಕೆಲಸ ಶುರುವಾಯಿತು. ಮಂಚದ ಕೆಳಗಿನ ಡಬ್ಬಿಗಳನ್ನು ಎಳೆದು ಮಾಡಿನ ಹಲಗೆಗೆ ಏರಿಸಿದ. ಮುರುಕು ಮೇಜಿನ ಕಾಲಿಗೆ ಮೊಳೆ ಹೊಡೆದು, ಒರೆಸಿ, ಬಾಗಿಲ ಪಕ್ಕಕ್ಕೆ ಹಾಕಿದ. ಬೀದಿಯಲ್ಲಿ ಗಾಡಿಯ ಸದ್ದಾದರೆ ಮಂಡಿ ಹಿಡಿದುಕೊಂಡೇ ಬಾಗಿಲಿಗೆ ಹೋಗುತ್ತಿದ್ದ.

"ಏನ್ರೀ, ಮನೆಗೆ ಬೀಗರು ಬರ್ತಾರಾ?" ಎಂದಳು ಹೆಂಡತಿ, ದಾರ ಕಚ್ಚಿ ತುಂಡರಿಸುತ್ತಾ.

"ಬರ್ತಾರೆ ಬರ್ತಾರೆ. ಬಂದಾಗ ನೋಡುವೆಯಂತೆ."

ಬೀಗರೂ ಬರಲಿಲ್ಲ, ಪೆಟ್ಟಿಗೆಯೂ ಬರಲಿಲ್ಲ. ಬಂದದ್ದು ಮೇಡಂಳ ಇನ್ನೊಂದು ಸಂದೇಶ. ಸಾಮಾನು ನಿಮ್ಮ ಊರು ಮುಟ್ಟಿದೆ ಸರ್, ಕೊರಿಯರಿನವರಿಗೆ ಭದ್ರತಾ ಠೇವಣಿ ಕಟ್ಟಿದರೆ ಬಿಡುತ್ತಾರೆ, ಅದೂ ಪೂರ್ತಿ ವಾಪಸ್. ಜೊತೆಗೆ ಒಂದು ಫೋಟೊ: ಯಾವುದೋ ಅಂಗಳದಲ್ಲಿ ಪೇರಿಸಿಟ್ಟ ಪೆಟ್ಟಿಗೆಗಳು. ಈ ಸಲ ಕೇಳಿದ್ದು ದೊಡ್ಡ ಮೊತ್ತ. ಕಣ್ಣಿನ ಆಪರೇಷನ್ನಿನ ದುಡ್ಡಿಗೆ ಕೈ ಹಾಕದೆ ಹೊಂದುವಂಥದ್ದಲ್ಲ.

ಹೋಲ್ಡಾನ್ ಅರ್ಧ ದಿನ ಒದ್ದಾಡಿದ. ತಿಂಗಳೊಪ್ಪತ್ತಿನಲ್ಲಿ ಹಿಂದಿರುಗಿ ಬರುವ ದುಡ್ಡು, ಅವಳಿಗೆ ಗೊತ್ತಾಗುವ ಮೊದಲೇ ತುಂಬಿಡಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಮಧ್ಯಾಹ್ನ ಊಟವಾದ ಮೇಲೆ ಮೇಜಿನ ಮುಂದೆ ಕೂತು, ಫೋನನ್ನು ಕೈಗೆತ್ತಿಕೊಂಡ. ಸಂದೇಶದಲ್ಲಿದ್ದ ಖಾತೆಯ ವಿವರವನ್ನು ಒಂದೊಂದೇ ಅಂಕಿಯಾಗಿ ಬಾಯಲ್ಲಿ ಹೇಳಿಕೊಳ್ಳುತ್ತಾ ಒತ್ತತೊಡಗಿದ. ಅದು ಅವನ ಹಳೇ ಅಭ್ಯಾಸ, ಚಿಲ್ಲರೆ ಎಣಿಸುವಾಗಲೂ ಬಾಯಿ ಸುಮ್ಮನಿರುತ್ತಿರಲಿಲ್ಲ. ಹೆಂಡತಿಗೆ ಕಣ್ಣು ಮಂಜಾದಷ್ಟೂ ಕಿವಿ ಚುರುಕಾಗಿತ್ತು. ಅಂಕಿಗಳ ಹಿಂದೆಯೇ "ಭದ್ರತಾ ಠೇವಣಿ" ಎಂಬುದೂ ಬಾಯಿಂದ ಜಾರಿತು.

"ಹೋಲ್ಡಾನ್!"

ಅವನ ಬೆರಳು ಅಲ್ಲೇ ನಿಂತಿತು. ಮದುವೆಯಾದಂದಿನಿಂದ 'ರೀ' ಬಿಟ್ಟು ಬೇರೆ ಕರೆಯದ ಹೆಂಡತಿ ಬಸ್ಸೇ ನಿಲ್ಲುವ ಹಾಗೆ ಕೂಗಿದ್ದಳು.

"ಯಾರಿಗ್ರೀ ಠೇವಣಿ?" ಎಂದು ಈಗ ಮೆಲ್ಲಗೆ ಕೇಳಿದಳು.

ಮುಚ್ಚಿಡಲು ಇನ್ನು ಜಾಗವಿರಲಿಲ್ಲ. ಹೇಳಿದ. ಪೆನ್ನು, ಪೆಟ್ಟಿಗೆ, ಕಟ್ಟಿಯಾಗಿರುವ ನೋಂದಣಿ ಶುಲ್ಕ, ಕಟ್ಟಲು ಹೊರಟ ಠೇವಣಿ, ಎಲ್ಲವನ್ನೂ. ಬಯ್ಗುಳಕ್ಕೆ ಬೆನ್ನು ಒಡ್ಡಿ ಕೂತ. ಅವಳು ಬಯ್ಯಲಿಲ್ಲ. ಸೂಜಿಯನ್ನು ದಿಂಬಿಗೆ ಚುಚ್ಚಿ, ಗೋಡೆ ಹಿಡಿದು ಬಂದು ಅವನ ಪಕ್ಕ ಕೂತಳು.

"ಅಲ್ರೀ, ನಿಮ್ಮ ಬಸ್ಸಲ್ಲಿ ಡ್ರೈವರ್ ಟಿಕೆಟ್ ತಗೋತಿದ್ನಾ?"

"ಅವನ್ಯಾಕೆ ತಗೋತಾನೆ? ಅವನು ಕೆಲಸದವನು."

"ಮತ್ತೆ ನೀವು?"

ಹೋಲ್ಡಾನ್ ಫೋನನ್ನು ಮೇಜಿನ ಮೇಲೆ ಕವುಚಿಟ್ಟ.

"ನಾನು ಇಷ್ಟು ವರ್ಷ ಗುಂಡಿ ಹಾಕಿದೀನಿ," ಎಂದಳು ಅವಳು. "ಟೈಲರ್ ಒಂದಿನಾನೂ ನನ್ನ ಹತ್ರ ಕಾಸು ಕೇಳಿದ್ದಿಲ್ಲ. ಮೊದಲನೇ ದಿನ ಒಂದು ಚಿಂದಿ ಕೊಟ್ಟು, 'ಎಲ್ಲಿ, ಒಂದು ಗುಂಡಿ ಹಾಕಮ್ಮ, ನೋಡೋಣ' ಅಂದ. ಅವನಿಗೆ ಅವನ ಬಟ್ಟೆ ಹಾಳಾದೀತು ಅಂತ ಭಯ. ಈ ನಿಮ್ಮ ಮೇಡಂ ನಿಮಗೆ ಕೆಲಸ ಬರುತ್ತೋ ಇಲ್ವೋ ಅಂತ ಕೇಳಿದ್ಲಾ?"

ಕೇಳಿರಲಿಲ್ಲ. ಕೇಳಿದ್ದೆಲ್ಲ ಕಾಸನ್ನೇ. ಆದರೂ ಆಸೆ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. "ಒಂದ್ವೇಳೆ ನಿಜವಾಗಿದ್ರೆ?" ಎಂದ, ಮಗುವಿನ ಹಾಗೆ.

"ನಿಜವಾಗಿದ್ರೆ ಮೊದಲ್ನೇ ಸಂಬಳದಲ್ಲಿ ಮುರ್ಕೊಳ್ಳಿ ಅಂತ ಬರೀರಿ. ಹೇಗೂ ವಾಪಸ್ ಕೊಡೋ ದುಡ್ಡು ತಾನೇ?"

ಬರೆದ. ಉತ್ತರ ತಕ್ಷಣ ಬಂತು: ಕಂಪನಿಯ ನಿಯಮ ಸರ್, ಆಗುವುದಿಲ್ಲ, ಇವತ್ತೇ ಕೊನೆ, ಬೇಗ ಕಟ್ಟಿ, ಇಲ್ಲದಿದ್ದರೆ ನಿಮ್ಮ ಜಾಗ ಬೇರೆಯವರಿಗೆ ಹೋಗುತ್ತದೆ. ಆ 'ಬೇಗ' ಎಂಬ ಮಾತು ಕಂಡದ್ದೇ ಅವನೊಳಗೆ ಮಲಗಿದ್ದ ಕಂಡಕ್ಟರ್ ಎದ್ದು ಕೂತ. ಹರಿದ ನೋಟು ದಾಟಿಸುವವನು ಯಾವಾಗಲೂ ಹೀಗೇ ಅವಸರ ಮಾಡುತ್ತಿದ್ದ. ಕಚೇರಿ ಎಲ್ಲಿದೆ, ನಾನೇ ಬಂದು ಕಟ್ಟುತ್ತೇನೆ ಎಂದು ಬರೆದ. ಕಚೇರಿಗೆ ಹೊರಗಿನವರನ್ನು ಬಿಡುವುದಿಲ್ಲವಂತೆ. ಹೋದ ಸಲ ಕಟ್ಟಿದ ಖಾತೆಯನ್ನೂ ಈಗಿನದನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಎರಡೂ ಕಂಪನಿಯ ಹೆಸರಲ್ಲಿ ಇರಲಿಲ್ಲ, ಯಾರೋ ಇಬ್ಬರು ಬೇರೆ ಬೇರೆ ವ್ಯಕ್ತಿಗಳ ಹೆಸರಲ್ಲಿದ್ದವು. ಅದನ್ನೂ ಕೇಳಿದ. ಸಂದೇಶಗಳ ಮೇಲೆ ಕಾಣುತ್ತಿದ್ದ ಮೇಡಂಳ ಫೋಟೊ ಮಾಯವಾಯಿತು. ಆಮೇಲೆ ಅವನು ಕಳಿಸಿದ ಸಂದೇಶಗಳೂ ಅವಳನ್ನು ಮುಟ್ಟಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಮಧ್ಯಾಹ್ನವೇ ಬ್ಯಾಂಕಿಗೆ ಫೋನ್ ಮಾಡಿದ, ಇಂಥ ಮೋಸಗಳಿಗೆಂದೇ ಇರುವ ಸಹಾಯವಾಣಿಗೂ ದೂರು ಕೊಟ್ಟ. ಸಂದೇಶ ಒಂದನ್ನೂ ಅಳಿಸಬೇಡಿ ಎಂದರು. ಗುರುತಿನ ಚೀಟಿ ಕಳಿಸಿದ್ದೀರಿ, ನಿಮ್ಮ ಹೆಸರಲ್ಲಿ ಯಾರಾದರೂ ಸಾಲ ಎತ್ತಿದ್ದಾರೆಯೇ ಎಂದು ಕಣ್ಣಿಟ್ಟಿರಿ ಎಂದರು. ಹೋದ ದುಡ್ಡು ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಶುಲ್ಕ ಕಟ್ಟಿ ಎಂದು ಇನ್ನೊಬ್ಬರು ಫೋನ್ ಮಾಡಬಹುದು, ಅವರೂ ಅದೇ ಜನ ಎಂದೂ ಎಚ್ಚರಿಸಿದರು. ನೋಂದಣಿ ಶುಲ್ಕ ಹೋದದ್ದು ಹೋಯಿತು, ಮತ್ತೆ ಬರಲಿಲ್ಲ. ಹಳೇ ಸಹೋದ್ಯೋಗಿಗಳ ಗುಂಪಿನಲ್ಲಿ ಹೋಲ್ಡಾನ್ ತನ್ನ ಕೈಯಾರೆ ಬರೆದು ಹಾಕಿದ: "ನಾನು ಟೋಪಿ ಹಾಕಿಸಿಕೊಂಡಿದ್ದೇನೆ. ನೀವು ಹಾಕಿಸಿಕೊಳ್ಳಬೇಡಿ. ಡ್ರೈವರಿಗೆ ಟಿಕೆಟ್ ಇಲ್ಲ." ಬರೆಯುವಾಗ ಕಿವಿಯ ತನಕ ಬಿಸಿಯಾಯಿತು. ಇಬ್ಬರು ನಕ್ಕರು. ಮೂರನೆಯವನು ಮಾತ್ರ ಗುಂಪಿನಲ್ಲಿ ಏನೂ ಹೇಳದೆ, ಬೇರೆಯಾಗಿ ಫೋನ್ ಮಾಡಿ, ನಾಳೆ ಕಟ್ಟುವವನಿದ್ದೆ ಕಣಯ್ಯಾ ಎಂದ.

ಅಂದು ಸಂಜೆ ಹೆಂಡತಿ ಕೇಳಿದಳು, "ನನಗೆ ಯಾಕೆ ಹೇಳ್ಲಿಲ್ಲ?"

"ನೀನು ಹಾಗೆ ಬಟ್ಟೆನ ಮೂಗಿಗೆ ಹಿಡ್ಕೊಂಡು ಹೊಲಿಯೋದು ನನ್ನ ಕೈಲಿ ನೋಡಕ್ಕಾಗಲ್ಲ ಕಣೇ," ಎಂದ ಅವನು. ಅವಳು ಅವನ ಮಂಡಿಯ ಮೇಲೆ ಕೈ ಇಟ್ಟಳು.

ಕೈಯಲ್ಲಿದ್ದಷ್ಟು ದುಡ್ಡಿಗೆ ಮೊದಲು ಒಂದು ಕಣ್ಣಾದರೂ ಆಗಲಿ ಎಂದು ಡಾಕ್ಟರು ದಾರಿ ತೋರಿಸಿದರು. ಆಪರೇಷನ್ ಆಯಿತು. ಕೆಲವು ವಾರ ಸೂಜಿ ಮುಟ್ಟಬಾರದು, ಬಗ್ಗಬಾರದು ಎಂದು ಅಪ್ಪಣೆಯಾಯಿತು. ಅವಳಿಗೆ ಒಂದೇ ಚಿಂತೆ: ಟೈಲರ್ ಕೆಲಸವನ್ನು ಬೇರೆಯವರಿಗೆ ಕೊಟ್ಟುಬಿಟ್ಟರೆ? ಅವಳು ಹಿಂದೆ ಅಡಿಗೆಮನೆಯಲ್ಲಿ ಮಲಗಿದ್ದಾಗ ಮುಂದಿನ ಕೋಣೆಯಲ್ಲಿ ಹೋಲ್ಡಾನ್ ಒಬ್ಬನೇ ಗೊಣಗುವುದು ಕೇಳಿಸುತ್ತಿತ್ತು.

ಕಣ್ಣು ತಿಳಿಯಾದ ಮೇಲೆ ಒಂದು ಬೆಳಿಗ್ಗೆ ಅವಳು ಗೋಡೆ ಹಿಡಿಯದೆ ಮುಂದಿನ ಕೋಣೆಗೆ ಬಂದಳು. ಪೆನ್ನಿನ ಪೆಟ್ಟಿಗೆಗೆಂದು ಮೊಳೆ ಹೊಡೆದಿದ್ದ ಮೇಜಿನ ಮೇಲೆ ಅಂಗಿಗಳ ಗಂಟಿತ್ತು. ಒಂದನ್ನೆತ್ತಿ ನೋಡಿದಳು. ಗುಂಡಿಗಳು ಗಟ್ಟಿಯಾಗಿದ್ದವು, ಆದರೆ ಒಂದು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ ಮುಖ ಮಾಡಿದ್ದವು.

"ಇದ್ಯಾರ್ರೀ ಹಾಕಿದ್ದು?"

"ವರ್ಕ್ ಫ್ರಮ್ ಹೋಮ್," ಎಂದ ಹೋಲ್ಡಾನ್, ತಲೆ ಎತ್ತದೆ. "ಟೈಲರ್ ಚಿಂದಿ ಕೊಟ್ಟು ಪರೀಕ್ಷೆ ಮಾಡಿದ. ಎರಡು ಸಲ ಫೇಲು. ಮೂರನೇ ಸಲ ಕೊಟ್ಟ."

ಅವಳಿಗೆ ನಗು ತಡೆಯಲಾಗಲಿಲ್ಲ. "ನೋಂದಣಿ ಶುಲ್ಕ ಎಷ್ಟಾಯ್ತು?"

ಅವನು ಎಡಗೈಯನ್ನು ಸುಮ್ಮನೆ ಬೆನ್ನ ಹಿಂದೆ ಸರಿಸಿದ. ಅವಳು ಆ ಕೈಯನ್ನು ಎಳೆದು ಕಿಟಕಿಯ ಬೆಳಕಿಗೆ ಹಿಡಿದಳು. ಬೆರಳ ತುದಿಗಳ ತುಂಬ ಸೂಜಿ ಚುಚ್ಚಿದ ಸಣ್ಣ ಸಣ್ಣ ಕೆಂಪು ಚುಕ್ಕೆಗಳಿದ್ದವು. ಹೊಸ ಕಣ್ಣಿನಿಂದ ಅವಳು ಅವುಗಳನ್ನು ಒಂದೊಂದಾಗಿ ನೋಡಿದಳು, ನೋಡುತ್ತಾ ನೋಡುತ್ತಾ ಅವಳ ನಗು ನಿಂತುಹೋಯಿತು. ಆಮೇಲೆ ಅವನ ಪಕ್ಕದಲ್ಲೇ ಕೂತು, ಒಂದು ಸೂಜಿ ಎತ್ತಿಕೊಂಡು, ಅವನಿಗಾಗಿ ತಾನೇ ದಾರ ಪೋಣಿಸಿದಳು.